ಟೆಸ್ಟರ್‌ನ್ಯಾಗ ಎಂಟೂ ಲೈಟ್ ಸರಿ ಹತ್ತತಾವ, ಆದ್ರ ಮಗ್ಗ ಚಾಲೂ ಆದ್ರ ಪಿಂಗ್ ಬೀಳತೈತಿ

ಬನಹಟ್ಟಿ_ಮಗ್ಗ

ನಮಸ್ಕಾರ್ರಿ. ರೌಟರ್ ಮನ್ಯಾಗ ಐತಿ, ಹಿತ್ತಲದಾಗ ಪವರ್‌ಲೂಮ್ ಶೆಡ್, ಶೆಡ್ಡಿನ ಮೂಲ್ಯಾಗ ಬಿಲ್ಲಿಂಗ್ ಕಂಪ್ಯೂಟರ್ ಇಟ್ಟೀವಿ. ನಡುವ ಸುಮಾರು 45 ಮೀಟರ್ ಕ್ಯಾಟ್ 5ಇ ಕೇಬಲ್, ಒಬ್ಬ ಹುಡುಗ ಬಂದು ಎಳದು ಎರಡೂ ಕಡೆ ಕನೆಕ್ಟರ್ ಹೊಡದು ಹೋಗ್ಯಾನ. ತೊಂದ್ರಿ ಏನಂದ್ರ ಮಗ್ಗ ಬಂದ್ ಇದ್ದಾಗ ನೆಟ್ ಛಲೋ ಬರತೈತಿ, ಮಗ್ಗ ಚಾಲೂ ಆದ್ಮ್ಯಾಲೆ ಬಿಲ್ ಪೋರ್ಟಲ್ ತಿರಗತಾನ ಇರತೈತಿ, ವಿಡಿಯೋ ಕಾಲ್ ಅಂತೂ ಕೇಳಬ್ಯಾಡ್ರಿ. ಇಂಟರ್ನೆಟ್ ಕಂಪನಿದು ಇರಬಹುದು ಅಂತ ರೌಟರಿಗೇ ಪಿಂಗ್ ಹೊಡದೆ, ಅಲ್ಲೂ ನಡುನಡುವ Request timed out ಬರತೈತಿ. ಆ ಹುಡುಗನ್ನ ಕರಸಿದ್ರ ಎಂಟು ಲೈಟಿನ ಟೆಸ್ಟರ್ ಹಚ್ಚಿ ತೋರಿಸಿದ, 1 ರಿಂದ 8 ತನಕ ಎರಡೂ ಕಡೆ ಸಾಲಾಗಿ ಹತ್ತಿದ್ವು, ಕೇಬಲ್ ಓಕೆ ಐತ್ರಿ ನಿಮ್ಮ ಕರೆಂಟ್ ಸರಿ ಇಲ್ಲ ಅಂದು ಹೋದ. ಈಗ ಏನ್ ಮಾಡಬೇಕ್ರಿ?

ಗುಮ್ಮಟ_ನಗರ

ಕೇಬಲ್ ಪವರ್ ವೈರಿನ ಬಾಜೂಕ ಹೋಗ್ಯದೇನ್ರಿ? ಅದೇ ಕಾರಣ ನೋಡ್ರಿ. ಮಗ್ಗದ ಮೋಟರ್ ನಾಯ್ಸ್ ಬಿಡ್ತದ, ಅದು ನೆಟ್ ಕೇಬಲಿಗೆ ಹತ್ತತದ. ಶೀಲ್ಡ್ ಇರೋ ಕೇಬಲ್ ತಂದು ಹಾಕ್ರಿ, ಮುಗೀತು. ನಾನು ವಿಜಯಪುರದಾಗ ಒಂದು ಫ್ಲೋರ್‌ಮಿಲ್ಲಿನಾಗ ಹಂಗೇ ಮಾಡೀನಿ.

ಬನಹಟ್ಟಿ_ಮಗ್ಗ

ಒಂದೇ ಗ್ವಾಡಿ ಮ್ಯಾಲೆ ಹೋಗೈತ್ರಿ, ಆದ್ರ ಪವರ್ ವೈರಿನಿಂದ ಒಂದು ಗೇಣಿನಷ್ಟು ದೂರ ಐತಿ. ಹೊಸಾ ಕೇಬಲ್ ಅಂದ್ರ ಮತ್ತ ರೊಕ್ಕ, ಮತ್ತ ಏಣಿ ಹಚ್ಚಬೇಕು.

ಗೋಕಾಕ_ಕ್ಯಾಮೆರಾ

ನಂದೂ ಇದೇ ಪ್ರಾಬ್ಲಮ್ ಅಣ್ಣಾರ! ತ್ವಾಟದಾಗ ಕ್ಯಾಮೆರಾ ಹಗಲೆಲ್ಲಾ ಬರೋಬ್ಬರಿ ಇರತೈತಿ, ಕತ್ತಲಾದ ಕೂಡ್ಲೆ ಬಂದ್ ಚಾಲೂ ಬಂದ್ ಚಾಲೂ. 70 ಮೀಟರ್ ಕೇಬಲ್, 12 ವೋಲ್ಟ್ ಅಡಾಪ್ಟರ್ ಮನ್ಯಾಗಿಟ್ಟು ಅದೇ ಕೇಬಲಿನ ಖಾಲಿ ಜೋಡಿ ಮ್ಯಾಲೆ ಕರೆಂಟ್ ಕಳಿಸೀನಿ. ಇದೂ ಪ್ಯಾಕೆಟ್ ಲಾಸ್ ಅಲ್ಲೇನ್ರಿ?

ಟಿಳಕವಾಡಿ_ಕಾಕಾ

ಗೋಕಾಕದವರ, ನಿಮ್ಮದು ಬ್ಯಾರೆ ಜಡ್ಡು, ಆಮ್ಯಾಲೆ ಬರತೀನಿ.

ಬನಹಟ್ಟಿ ತಮ್ಮಾ, ರೌಟರಿಗೇ ಪಿಂಗ್ ಹೊಡದದ್ದು ಭಾಳ ಛಲೋ ಮಾಡೀದಿ, ಇಲ್ಲಂದ್ರ ಮಂದಿ ಎಲ್ಲೋ ದೂರದ ಸರ್ವರಿಗೆ ಹೊಡದು ಕಂಪನಿಗೆ ಬೈಕೋಂತ ಕೂಡತಾರ. ಆದ್ರ ಬರೇ ping ಅಂದ್ರ ವಿಂಡೋಸ್ ಕಳಸೋದು 32 ಬೈಟ್, ಅಷ್ಟು ಸಣ್ಣ ಪ್ಯಾಕೆಟ್ ಕೆಟ್ಟ ಕೇಬಲಿನ್ಯಾಗೂ ನುಸುಳಿ ಹೋಗಿಬಿಡತೈತಿ. ದೊಡ್ಡದು ಕಳಸಿದ್ರ ಅದರಾಗ ಬಿಟ್ ಜಾಸ್ತಿ, ಒಂದರೆ ಬಿಟ್ ಕೆಡೋ ಸಂಭವಾನೂ ಜಾಸ್ತಿ. ಅದಕ್ಕ ಎರಡೂ ಹೊಡಿ, ಮಗ್ಗ ಬಂದ್ ಇದ್ದಾಗ ಒಮ್ಮೆ, ಚಾಲೂ ಇದ್ದಾಗ ಒಮ್ಮೆ:

```
ping -n 200 192.168.1.1
ping -n 200 -l 1400 192.168.1.1
netstat -e
```

ಮೂರನೇದರಾಗ Errors ಅನ್ನೋ ಸಾಲು ಇರತೈತಿ, ಎಡಕ್ಕ ಬಂದದ್ದು, ಬಲಕ್ಕ ಕಳಿಸಿದ್ದು, ಎರಡೂ ಅಂಕಿ ಬರಿ. ಕೆಲ ಡ್ರೈವರ್ ಏನಾದ್ರೂ ಸೊನ್ನೀನ ತೋರಸ್ತಾವ, ಸೊನ್ನಿ ಬಂತಂದ್ರ ಅದನ್ನ ನಂಬಬ್ಯಾಡ, ಅಂಕಿ ಏರಾಕತ್ತಿತ್ತಂದ್ರ ಮಾತ್ರ ನಂಬು.

ಇನ್ನೊಂದು, ಎರಡೂ ಕಡೆ ಕನೆಕ್ಟರ್ ಕೈಯಾಗ ಹಿಡಕೊಂಡು ನೋಡು. ಕ್ಲಿಪ್ಪು ತಳಗ, ಬಂಗಾರದ ಹಲ್ಲು ಮ್ಯಾಲೆ, ಕೇಬಲ್ ನಿನ್ನ ಕಡೆ. ಎಡದಿಂದ ಬಣ್ಣ ಯಾವ ಸಾಲಿನ್ಯಾಗ ಅದಾವು ಹಂಗ ಬರದು ಕಳಸು.

ಕೃಷ್ಣಾ_ತೀರ

ಅಷ್ಟೆಲ್ಲಾ ಯಾಕ್ರಿ, ಅಡಾಪ್ಟರ್ ಸೆಟ್ಟಿಂಗಿನ್ಯಾಗ ಹೋಗಿ ಸ್ಪೀಡ್ 100 Mbps Full Duplex ಅಂತ ಫಿಕ್ಸ್ ಮಾಡ್ರಿ, ನಿಂತಬಿಡತೈತಿ.

ಟಿಳಕವಾಡಿ_ಕಾಕಾ

ಅದನ್ನ ಮಾಡಬ್ಯಾಡ್ರಿ ಮಾರಾಯ್ರ. ಈ ಕಡೆ ಫಿಕ್ಸ್, ರೌಟರ್ ಆಟೋದಾಗ ಇದ್ರ ರೌಟರಿಗೆ ಸ್ಪೀಡ್ ತಿಳೀತೈತಿ, ಡ್ಯುಪ್ಲೆಕ್ಸ್ ತಿಳಿಯೂದಿಲ್ಲ, ಅದು ಹಾಫ್ ಅಂತ ಹಿಡಕೊಂಡು ಕುಂದ್ರತೈತಿ. ಆಮ್ಯಾಲೆ ಕೇಬಲ್ ಬರೋಬ್ಬರಿ ಇದ್ರೂ ಪ್ಯಾಕೆಟ್ ಬೀಳತಾವ, ಒಂದು ರೋಗಕ್ಕ ಎರಡು ರೋಗ.

ಬನಹಟ್ಟಿ_ಮಗ್ಗ

ಕಾಕಾ ನೋಡ್ರಿ. ಮಗ್ಗ ಬಂದ್: ಸಣ್ಣ ಪಿಂಗ್ 200 ಕ್ಕ ಒಂದೂ ಬಿದ್ದಿಲ್ಲ, ದೊಡ್ಡದು 200 ಕ್ಕ 3 ಬಿದ್ದಾವ. ಮಗ್ಗ ಚಾಲೂ: ಸಣ್ಣದು 2, ದೊಡ್ಡದು 31. Errors ಸಾಲಿನ್ಯಾಗ ಎಡಕ್ಕ 1874, ಬಲಕ್ಕ 0.

ಬಣ್ಣ ಎರಡೂ ಕಡೆ ಒಂದೇ ನಮೂನಿ ಅದಾವ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸರ, ಹಸರ, ಬಿಳಿ-ನೀಲಿ, ನೀಲಿ, ಬಿಳಿ-ಬ್ರೌನ್, ಬ್ರೌನ್. ಎಷ್ಟ್ ನೀಟಾಗಿ ಹೊಡದಾನ ನೋಡ್ರಿ, ಜೋಡಿ ಜೋಡಿ ಬಾಜೂಕ.

ಟಿಳಕವಾಡಿ_ಕಾಕಾ

ಆ ನೀಟೇ ನಿನ್ನ ತೊಂದ್ರಿ. ಬಣ್ಣ ಜೋಡಿ ಜೋಡಿ ಬಾಜೂಕ ಇಡಬಾರದು.

100 ರ ಸ್ಪೀಡಿನ್ಯಾಗ ನಡ್ಯೋದು ಎರಡೇ ಜೋಡಿ. 1-2 ನೇ ಹಲ್ಲು ಒಂದು ಕಡೆ ಹೋಗೋದು, 3-6 ನೇ ಹಲ್ಲು ಇನ್ನೊಂದು ಕಡೆ ಬರೋದು. 3 ರ ಜೋಡಿ 4 ಅಲ್ಲ, 6. ನಿನ್ನ ಕೇಬಲಿನ್ಯಾಗ 3 ಕ್ಕ ಬಿಳಿ-ಹಸರ ಐತಿ, 6 ಕ್ಕ ನೀಲಿ ಐತಿ. ಕೇಬಲ್ ಒಳಗ ಬಿಳಿ-ಹಸರ ಸುತ್ತಿಕೊಂಡಿರೋದು ಹಸರದ ಜೋಡಿ, ನೀಲಿ ಸುತ್ತಿಕೊಂಡಿರೋದು ಬಿಳಿ-ನೀಲಿ ಜೋಡಿ. ಅಂದ್ರ ಒಂದೇ ಸಿಗ್ನಲ್ಲಿನ ಎರಡು ತಂತಿ 45 ಮೀಟರ್ ಬ್ಯಾರೆ ಬ್ಯಾರೆ ಮಂದಿ ಕೂಡ ಸುತ್ತಿಕೊಂಡು ಬಂದಾವ.

ಸುತ್ತಿರೋದು ಯಾಕಂದ್ರ, ಹೊರಗಿನ ನಾಯ್ಸ್ ಎರಡೂ ತಂತಿಗೆ ಹೆಚ್ಚೂಕಡಿಮಿ ಸಮ ಬಡೀತೈತಿ, ಆ ಕಡೆ ಕಾರ್ಡು ಒಂದರಾಗಿಂದ ಒಂದನ್ನ ಕಳದಾಗ ನಾಯ್ಸ್ ಹೋಗಿ ಸಿಗ್ನಲ್ ಉಳೀತೈತಿ. ನಿಂದು ಸಮ ಬಡಿಯಂಗಿಲ್ಲ, ಅದಕ್ಕ ನಾಯ್ಸೂ ಉಳೀತೈತಿ. ಮಗ್ಗದ್ದು ಬಿಡು, ಬಾಜೂಕಿನ ಆರೆಂಜ್ ಜೋಡ್ಯಾಗ ಹೋಗೋ ನಿನ್ನ ಸ್ವಂತ ಸಿಗ್ನಲ್ಲೂ ಇದರಾಗ ಸೋರತೈತಿ. ಅದಕ್ಕ ಮಗ್ಗ ಬಂದ್ ಇದ್ದಾಗೂ ದೊಡ್ಡ ಪಿಂಗ್ 3 ಬಿದ್ದಾವ. ಕರೆಂಟಿಂದೇ ತಪ್ಪಾಗಿದ್ರ ಅವೂ ಬೀಳಬಾರದಿತ್ತು. ಒಂದು ಬಿಟ್ ಕೆಟ್ಟರ ಸಾಕು, ಲೆಕ್ಕ ತಾಳೆ ಆಗಲಿಲ್ಲ ಅಂತ ಕಾರ್ಡು ಇಡೀ ಪ್ಯಾಕೆಟ್ ಒಗದು ಸುಮ್ಮನಾಗತೈತಿ, ನಿನಗ ಕಾಣೋದು ಬರೇ timed out.

ಎಡಕ್ಕ ಮಾತ್ರ ಎರರ್ ಯಾಕ ಏರೈತಿ ಅಂದ್ರ ನಿನ್ನ ಕಂಪ್ಯೂಟರ್ ಕಳಸೋದು 1-2 ಮ್ಯಾಲೆ, ಆರೆಂಜ್ ಜೋಡಿ ಹೆಂಗೋ ಸರಿ ಕುಂತೈತಿ, ತಗೋಳೋದು 3-6 ಮ್ಯಾಲೆ. ಈಗಿನ ಕಾರ್ಡು ತಾವೇ ಅದಲಿ ಬದಲಿ ಮಾಡ್ಕೋತಾವ, ಹಂಗಾಗಿ ಎಲ್ಲಾ ಕಡೆ ಎಡಕ್ಕೇ ಬರತೈತಿ ಅಂತಲ್ಲ, ಉಲ್ಟಾ ಆದ್ರ ಎರರ್ ರೌಟರ್ ಕಡೆ ಏರತಿತ್ತು, ನಿನಗ ಸೊನ್ನಿ ಕಾಣತಿತ್ತು.

ಇನ್ನ ಆ ಟೆಸ್ಟರು. ಅದು ಒಂದೊಂದ ತಂತಿಗೆ ಕರೆಂಟ್ ಬಿಟ್ಟು ಆ ಕಡೆ ಅದೇ ನಂಬರಿಗೆ ಬಂತೋ ಇಲ್ಲೋ ಅಷ್ಟೇ ನೋಡತೈತಿ. ಯಾವ ತಂತಿ ಯಾರ ಜೋಡಿ ಸುತ್ತೈತಿ ಅದಕ್ಕ ಗೊತ್ತೇ ಆಗಂಗಿಲ್ಲ. ತಂತಿ ಹರದಿದ್ರ, ಅದಲಿ ಬದಲಿ ಆಗಿದ್ರ ಹೇಳತೈತಿ, ಇದನ್ನ ಹೇಳಂಗಿಲ್ಲ. ಇದನ್ನ ಹಿಡ್ಯೋ ಟೆಸ್ಟರ್ ಅದಾವ, ತುಟ್ಟಿ. ನಿನಗ ಕಣ್ಣು ಸಾಕು: 3 ಮತ್ತು 6 ರಾಗ ಹಸರದ ಜೋಡಿ ಐತೇನು, 4 ಮತ್ತು 5 ರಾಗ ನೀಲಿ ಜೋಡಿ ಐತೇನು.

ಎರಡೂ ಕಡೆ ಕತ್ತರಿಸಿ ಹಿಂಗ ಹೊಡಿ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸರ, ನೀಲಿ, ಬಿಳಿ-ನೀಲಿ, ಹಸರ, ಬಿಳಿ-ಬ್ರೌನ್, ಬ್ರೌನ್. ಸುತ್ತು ಬಿಚ್ಚೋದು ಅರ್ಧ ಇಂಚಿನ ಒಳಗ ಇರಲಿ, ಹೊರಗಿನ ಪೈಪು ಕನೆಕ್ಟರಿನ ಒಳಗ ಹೊಕ್ಕು ಅದರ ಲಾಕು ಪೈಪಿನ ಮ್ಯಾಲೇ ಒತ್ತಿರಬೇಕು, ತಂತಿ ಮ್ಯಾಲಲ್ಲ.

ಗುಮ್ಮಟ_ನಗರ

ಸರ್, ನಾ ಎಷ್ಟೋ ಅಂಗಡ್ಯಾಗ ಹಂಗೇ ಸಾಲಾಗಿ ಹೊಡದೀನಿ, ಎರಡೂ ಕಡೆ ಸೇಮ್ ಇದ್ರ ಆತು ಅಂತಾರಲ್ಲ. ಯಾರೂ ಕಂಪ್ಲೇಂಟ್ ಮಾಡಿಲ್ಲ.

ಟಿಳಕವಾಡಿ_ಕಾಕಾ

ಕೌಂಟರ್ ತಳಗ ಎರಡು ಮೂರು ಮೀಟರ್ ಇದ್ರ ನಡೀತೈತ್ರಿ, ಸೋರೋದು ಕಡಿಮಿ, ಸಿಗ್ನಲ್ ಜೋರು. ದೂರ ಹೋದಂಗ ಸಿಗ್ನಲ್ ಇಳೀತೈತಿ, ಸೋರಿದ್ದು ಗೆಲ್ಲತೈತಿ. ಮತ್ತ ನೀವು ನಾಯ್ಸ್ ಅಂದದ್ದು ಸುಳ್ಳಲ್ಲ, ಮಗ್ಗದ ನಾಯ್ಸೇ ಅದು. ಆದ್ರ ಸರಿ ಹೊಡದ ಸಾದಾ ಕೇಬಲ್ ಒಂದು ಗೇಣಿನ ದೂರದಾಗ ಅದನ್ನ ತಡಕೋತೈತಿ. ಜೋಡಿ ತಪ್ಪಿ ಹೊಡದ್ರ ಶೀಲ್ಡ್ ಇದ್ದದ್ದೂ ತನ್ನೊಳಗ ತಾನೇ ಸೋರತೈತಿ.

ಗುಮ್ಮಟ_ನಗರ

ಇರಲಿ ಸರ್. ನನಗಂತೂ ಶೀಲ್ಡೇ ಭರೋಸಾ ಅನಸ್ತದ.

ಬನಹಟ್ಟಿ_ಮಗ್ಗ

ಕಾಕಾ ಶೆಡ್ ಕಡೆದು ನೀವು ಹೇಳಿದಂಗ ಹೊಡದೆ, ಈಗ ನೆಟ್ ಪೂರಾ ಹೋತು! ಟೆಸ್ಟರ್ ತಂದು ಹಚ್ಚಿದ್ರ ಆ ಕಡೆ ಲೈಟ್ 1 2 3 6 5 4 7 8 ಅಂತ ಹತ್ತಾಕತ್ತಾವ. ಮೊದಲರೆ ಬರತಿತ್ತು.

ಟಿಳಕವಾಡಿ_ಕಾಕಾ

ಹೆದರಬ್ಯಾಡ, ಹಂಗೇ ಆಗಬೇಕು. ಒಂದು ಕಡೆ ಸರಿ, ಇನ್ನೊಂದು ಕಡೆ ಹಳೇದು, ಅದಕ್ಕ 4 ಮತ್ತು 6 ತಿರುವು ಮುರುವು ಆಗ್ಯಾವ. ಮನಿ ಕಡೆದೂ ಹೊಡಿ.

ಬನಹಟ್ಟಿ_ಮಗ್ಗ

ಆತ್ರಿ! ಎಲ್ಲಾ ಮಗ್ಗ ಚಾಲೂ ಇಟ್ಟು 1400 ರ ಪಿಂಗ್ 500 ಹೊಡದೆ, ಒಂದೂ ಬಿದ್ದಿಲ್ಲ. Errors ಮಾತ್ರ ಇನ್ನೂ ಎರಡು ಸಾವಿರದ ಮ್ಯಾಲೆ ತೋರಸ್ತೈತಲ್ರಿ?

ಟಿಳಕವಾಡಿ_ಕಾಕಾ

ಅದು ಹಳೇ ಎಣಿಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡೋತನಕ ಅಳಸಂಗಿಲ್ಲ. ಈಗಿನ ಅಂಕಿ ಬರದಿಟ್ಟು ಸಂಜಿಗೆ ನೋಡು, ಏರಿರಲಿಲ್ಲ ಅಂದ್ರ ಆತು.

ಗೋಕಾಕದವರ, ನಿಮ್ಮ ಕ್ಯಾಮೆರಾ ಪ್ಯಾಕೆಟ್ ಲಾಸ್ ಅಲ್ಲ, ವೋಲ್ಟೇಜ್ ಲಾಸ್. ಕತ್ತಲಾದಾಗ ಅದರ ಕೆಂಪು ಎಲ್ಇಡಿ ಹತ್ತತಾವ, ಕರೆಂಟ್ ಜಾಸ್ತಿ ಎಳೀತೈತಿ, 12 ವೋಲ್ಟು 70 ಮೀಟರ್ ಮುಟ್ಟೋದರಾಗ ಕುಸೀತೈತಿ. ಅಡಾಪ್ಟರ್ ತಗದು, ಎರಡೂ ಕಡೆ ಪ್ಲಗ್ ಕಿತ್ತು, ಆ ಕಡೆ ನೀಲಿ ಮತ್ತು ಬಿಳಿ-ನೀಲಿ ಕೂಡಿಸಿ ಹೊಸೀರಿ, ಈ ಕಡೆ ಮಲ್ಟಿಮೀಟರ್ 200 ಓಮಿಗೆ ಇಟ್ಟು ಅಳೀರಿ. ತಾಂಬ್ರದ್ದಾದ್ರ ಹೋಗಿಬಂದು 13 ಓಮಿನ ಒಳಗ ಬರಬೇಕು.

ಗೋಕಾಕ_ಕ್ಯಾಮೆರಾ

21 ತೋರಸ್ತೈತಿ ಸರ್. ಡಬ್ಬಿ ಮ್ಯಾಲೆ ಪ್ಯೂರ್ ಕಾಪರ್ ಅಂತ ಬರದಾರಲ್ರಿ.

ಟಿಳಕವಾಡಿ_ಕಾಕಾ

ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ಹಚ್ಚಿದಾಗ ಎಷ್ಟು ಬರತೈತಿ ಅದನ್ನ ಕಳೀರಿ ಮೊದಲ. ಆಮ್ಯಾಲೂ 20 ರ ಆಜೂಬಾಜು ಇದ್ರ ಅಲ್ಯುಮಿನಿಯಂ ಮ್ಯಾಲೆ ತಾಂಬ್ರ ಬಳದದ್ದು ಅಂತ ಸಂಶಯ, ಬ್ಲೇಡಿನಿಂದ ಒಂದು ತಂತಿ ಕೆರದು ನೋಡ್ರಿ, ಒಳಗ ಬೆಳ್ಳಗ ಬಂದ್ರ ಅದೇ. ಇಲ್ಲಂದ್ರ ನಡುವ ಎಲ್ಲರೆ ಜಾಯಿಂಟ್ ಇರಬಹುದು. ತಾಂಬ್ರ ಇದ್ರೂ 12 ವೋಲ್ಟ್ ಅಷ್ಟು ದೂರಕ್ಕ ಕಷ್ಟ, ಅಡಾಪ್ಟರ್ ಕ್ಯಾಮೆರಾ ಹತ್ರ ಇಡಾಕ ಕರೆಂಟ್ ಐತೇನು?

ಗೋಕಾಕ_ಕ್ಯಾಮೆರಾ

ಮೋಟರ್ ಮನ್ಯಾಗ ಐತ್ರಿ, ಆದ್ರ ತ್ರೀ ಫೇಸ್ ದಿನಾ ಇಷ್ಟೇ ತಾಸು ಅಂತ ಬರತೈತಿ. ನಡುವ ಒಂದು ಜಾಯಿಂಟ್ ಐತಿ, ಬೇವಿನ ಗಿಡದಾಗ ಟೇಪ್ ಸುತ್ತಿದ್ದು. ಐತವಾರ ಏರಿ ಕೆರದು ನೋಡಿ ಫೋಟೋ ಹಾಕತೀನ್ರಿ.