ಅಪ್‌ಡೇಟ್: ‘ಪೇಮೆಂಟೂ ಸೇರಿಸಿಬಿಡಿ’ ಅಂದ ಸೀರೆ ಅಂಗಡಿಯವರು

ಆಗ ಕೇಳಿದ್ದು: "ಆರು ಪುಟದ ವೆಬ್‌ಸೈಟಿಗೆ ಒಪ್ಪಿದ್ದೆ. ಈಗ ಅದೇ ದುಡ್ಡಲ್ಲಿ ಆನ್‌ಲೈನ್ ಮಾರಾಟವನ್ನೂ ಸೇರಿಸಿ ಅಂತಿದ್ದಾರೆ. ಮನಸ್ತಾಪವಿಲ್ಲದೆ ಹೇಗೆ ನಿರಾಕರಿಸಲಿ?"

ಮೊದಲು ಫೋನ್ ಮಾಡಿದೆ, ಮೆಸೇಜಲ್ಲಿ ‘ಆಗಲ್ಲ’ ಅನ್ನೋದು ಒರಟಾಗಿ ಕಾಣುತ್ತೆ ಅಲ್ವಾ. "ಸರ್, ಆನ್‌ಲೈನ್ ಮಾರಾಟ ಒಳ್ಳೆಯದೇ. ಆದರೆ ಈ ಕೊಟೇಶನ್ನಿನಲ್ಲಿ ಅದಿಲ್ಲ. ಸುಮ್ನೆ ಒಂದು ಬಟನ್ ಹಾಕಿದರೆ ಮುಗಿಯಲ್ಲ" ಅಂದೆ. ಪೇಮೆಂಟ್ ಗೇಟ್‌ವೇಗೆ ಅವರದ್ದೇ ಕೆವೈಸಿ ಬೇಕು, ರಿಫಂಡ್ ನಿಯಮದ ಪುಟ ಬೇಕು. ಸ್ಟಾಕ್ ದಿನಾ ತಿದ್ದಬೇಕು. ಇಲ್ಲದಿದ್ದರೆ ಅಂಗಡಿಯಲ್ಲಿ ಮಾರಿದ ಸೀರೆಗೇ ಆನ್‌ಲೈನಲ್ಲೂ ದುಡ್ಡು ಬಂದುಬಿಡುತ್ತೆ. ಈ ಕೊನೆಯ ಮಾತು ಅವರಿಗೆ ತಟ್ಟನೆ ಅರ್ಥವಾಯಿತು. ವ್ಯಾಪಾರಿ ನೋಡಿ!

ಆಮೇಲೆ ಎರಡು ದಾರಿ ಹೇಳಿದೆ. ಒಂದು, ಇನ್ನೂ ಶುರು ಮಾಡದ ಗ್ಯಾಲರಿ ಪುಟದ ಬದಲು ಅದೇ ದುಡ್ಡಲ್ಲಿ ಸೀರೆಗಳ ಪುಟ. ಪ್ರತಿ ಸೀರೆಗೂ ಕೋಡ್ ಮತ್ತು ವಾಟ್ಸಾಪ್ ಬಟನ್. ಒತ್ತಿದರೆ ಕೋಡ್ ಸಮೇತ ಮೆಸೇಜ್ ತೆರೆಯುತ್ತದೆ. ದುಡ್ಡು ಯುಪಿಐಯಲ್ಲಿ, ಸೀರೆ ಇದೆಯಾ ಅಂತ ನೋಡಿದ ಮೇಲೆ. ಎರಡು, ಪೂರ್ತಿ ಆನ್‌ಲೈನ್ ಅಂಗಡಿ. ಸೈಟ್ ಶುರುವಾದ ಮೇಲೆ, ಬೇರೆ ಕೊಟೇಶನ್, ಅರ್ಧ ಅಡ್ವಾನ್ಸ್.

ಸ್ವಲ್ಪ ಗೊಣಗಿದರು, ಮೊದಲನೆಯದಕ್ಕೆ ಒಪ್ಪಿದರು. ಗ್ಯಾಲರಿ ಕೈಬಿಟ್ಟಿದ್ದನ್ನು ಅವತ್ತೇ ಮೇಲ್ ಮಾಡಿ ‘ಓಕೆ’ ತರಿಸಿಕೊಂಡೆ. ಎರಡನೆಯದನ್ನು ದೀಪಾವಳಿ ಆದಮೇಲೆ ನೋಡೋಣ ಅಂದಿದ್ದಾರೆ.