ಚೀನೀ ತೂಕ ಜಿನ್, ಜಮೀನಿನ ಅಳತೆ ಮು, ಇವುಗಳ ಲೆಕ್ಕವನ್ನು ಕಿಲೋ, ಹೆಕ್ಟೇರಿಗೆ ತರುವಾಗ ನೀವು ಎಲ್ಲಿ ಎಡವಿದ್ದೀರಿ?

ಕೇಳಿದವರು: ಭತ್ತದ ಬೇಸಾಯದ ಒಂದು ಚೀನೀ ಕೈಪಿಡಿ ಮತ್ತು ಒಂದಿಷ್ಟು ಚಹಾ ವ್ಯಾಪಾರದ ಕಾಗದಗಳು ಅನುವಾದಕ್ಕೆ ಬಂದಿವೆ. ಜಿನ್ ಅಂದರೆ ಒಂದು ಕಡೆ 500 ಗ್ರಾಂ, ಇನ್ನೊಂದು ಕಡೆ 600 ಅಂತಿದೆ. ಯಾವುದನ್ನು ಹಿಡಿಯಲಿ? "ಮುಗೆ ಇಷ್ಟು ಜಿನ್" ಅನ್ನೋದನ್ನ ನೀವೆಲ್ಲ ಹೇಗೆ ಬರೆಯುತ್ತೀರಿ?

ಐದು ವರ್ಷದ ಅನುವಾದಕ: ಇದರಲ್ಲೇನಿದೆ? ಜಿನ್ ಅಂದರೆ ಅರ್ಧ ಕಿಲೋ. ಹದಿನೈದು ಮು ಸೇರಿದರೆ ಒಂದು ಹೆಕ್ಟೇರ್. 600 ಅಂತ ಬರೆದಿರುವುದು ಯಾರದೋ ಕೈತಪ್ಪು ಇರಬೇಕು. ನಾನು ಯಾವಾಗಲೂ 500ನ್ನೇ ಹಾಕುವುದು.

ಚಹಾ ಲೆಕ್ಕದವಳು: ಕೈತಪ್ಪಲ್ಲ ಸ್ವಾಮಿ. ಚೀನಾದ ಒಳಗೆ 500 ಸರಿ. ತೈವಾನಿನ ಜಿನ್ 600 ಗ್ರಾಂ. ಹಾಂಗ್‌ಕಾಂಗಿನದು ಸುಮಾರು 605. ಹಾಗಾಗಿ ಮೊದಲು ಕಾಗದ ಎಲ್ಲಿಂದ ಬಂತು ಅಂತ ನೋಡಿ, ಆಮೇಲೆ ಗುಣಿಸಿ.

ನಾನು ಇದನ್ನು ಕಲಿತದ್ದು ಬೈಸಿಕೊಂಡೇ. ತೈವಾನಿನ ಊಲಾಂಗ್ ಚಹಾದ ಬೆಲೆಪಟ್ಟಿ ಬಂದಿತ್ತು. ಅದರಲ್ಲಿ ಬರೀ ಜಿನ್ ಅಂತಿತ್ತು, 1,200 ಜಿನ್. ನಾನು ಸುಮ್ನೆ ಅರ್ಧ ಮಾಡಿ 600 ಕಿಲೋ ಅಂತ ಬರೆದೆ. ಪ್ಯಾಕಿಂಗ್ ಲಿಸ್ಟಿನಲ್ಲಿ ನಿವ್ವಳ ತೂಕ 720 ಕಿಲೋ ಇತ್ತು. 120 ಕಿಲೋ ಎಲ್ಲಿಂದ ಬಂತು ಅಂತ ಕೊಳ್ಳುವವರು ಫೋನ್ ಮೇಲೆ ಫೋನ್ ಮಾಡಿದರು.

ಅಂದಿನಿಂದ ನಾನು ಪೊಟ್ಟಣ ನೋಡುತ್ತೇನೆ. 150 ಗ್ರಾಮಿನ ಡಬ್ಬಿ ಇದ್ದರೆ ಬಹುತೇಕ ತೈವಾನಿನ ಲೆಕ್ಕ. ಅಲ್ಲಿ ಜಿನ್‌ಗೆ ಹದಿನಾರು ಲಿಯಾಂಗ್, ಒಂದು ಲಿಯಾಂಗ್ 37.5 ಗ್ರಾಂ, ನಾಲ್ಕು ಸೇರಿದರೆ 150. ಚೀನಾದ ಅರ್ಧ ಜಿನ್ ಚಹಾ 250 ಗ್ರಾಮಿನ ಪೊಟ್ಟಣದಲ್ಲಿ ಬರುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಪ್ಯಾಕಿಂಗ್ ಲಿಸ್ಟಿನ ಕಿಲೋ ಅಂಕಣ. ಅದು ಸಿಕ್ಕರೆ ಊಹೆ ಬೇಕಿಲ್ಲ.

ಕೃಷಿ ಕೈಪಿಡಿ ಮಾಡುವವನು: ಭತ್ತದ ಕೈಪಿಡಿ ಚೀನಾದ್ದೇ ಆದರೆ ಅಪಾಯ ಬೇರೆ ಕಡೆ ಇದೆ. ಅಲ್ಲಿ 斤 ಮತ್ತು 公斤 ಎರಡೂ ಒಂದೇ ಪುಟದಲ್ಲಿ ಬರುತ್ತವೆ. ಎರಡನೆಯದು ಕಿಲೋ, ಮೊದಲನೆಯದು ಅದರ ಅರ್ಧ. ಮೊದಲಲ್ಲಿರುವ 公 ಅನ್ನೋ ಒಂದು ಅಕ್ಷರ ಕಣ್ತಪ್ಪಿದರೆ ಇಳುವರಿಯೂ ಅರ್ಧ.

ನನ್ನದೇ ಕಥೆ ಕೇಳಿ. ಮುಗೆ 600 ಕಿಲೋ ಅಂತ ಇದ್ದದ್ದನ್ನು 600 ಜಿನ್ ಅಂತ ಓದಿದೆ. ಹೆಕ್ಟೇರಿಗೆ 9 ಟನ್ ಆಗಬೇಕಾದದ್ದು 4.5 ಟನ್ ಆಯಿತು. 4.5 ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಅದೇ ತೊಂದರೆ. ಅದೇ ಪುಟದ ಇನ್ನೊಂದು ಕೋಷ್ಟಕದಲ್ಲಿ 9 ಟನ್ ಅಂತ ಇದ್ದದ್ದರಿಂದ ಸಿಕ್ಕಿಬಿದ್ದೆ.

ಲೆಕ್ಕ ಸುಲಭ. ಮುಗೆ ಇಷ್ಟು ಜಿನ್ ಅಂತಿದ್ದರೆ 7.5ರಿಂದ ಗುಣಿಸಿ, ಮುಗೆ ಇಷ್ಟು ಕಿಲೋ ಅಂತಿದ್ದರೆ 15ರಿಂದ. ಎರಡರಲ್ಲೂ ಬರುವುದು ಹೆಕ್ಟೇರಿಗೆ ಎಷ್ಟು ಕಿಲೋ ಅಂತ. ಮುಗೆ 30 ಜಿನ್ ಯೂರಿಯಾ ಅಂದರೆ ಹೆಕ್ಟೇರಿಗೆ 225 ಕಿಲೋ. ಜಿನ್ ಮಾತ್ರ ಬದಲಿಸಿ "ಮುಗೆ 15 ಕಿಲೋ" ಅಂತ ಬಿಡಬೇಡಿ. ಮು ಗೊತ್ತಿಲ್ಲದ ಓದುಗ ಅದನ್ನು ಎಕರೆ ಅಂದುಕೊಳ್ಳುತ್ತಾನೆ.

ಮತ್ತೆ, ಮೂಲದಲ್ಲಿ "ಸುಮಾರು ಐದು ಮು" ಅಂತ ಇದ್ದಾಗ 3,333 ಚದರ ಮೀಟರ್ ಅಂತ ಬರೆಯಬೇಡಿ. ಅಂದಾಜು ಅಂದಾಜಾಗಿಯೇ ಇರಲಿ, ಹೆಕ್ಟೇರಿನ ಮೂರನೇ ಒಂದು ಭಾಗ ಅಂದರೆ ಸಾಕು.

ಗದ್ದೆಯವನು: ನನಗೆ ಚೀನೀ ಬರಲ್ಲ, ಹೆಕ್ಟೇರೂ ತಲೆಗೆ ಹತ್ತಲ್ಲ. ಮು ಅಂದರೆ ಎಷ್ಟು ಗುಂಟೆ ಹೇಳಿ. ನಾವು ಗೊಬ್ಬರ ಹಾಕುವುದು ಎಕರೆ ಲೆಕ್ಕದಲ್ಲಿ. ಇನ್ನೊಂದು, ಆ ಇಳುವರಿ ಭತ್ತದ್ದೋ, ಅಕ್ಕಿಯದೋ?

ಕೃಷಿ ಕೈಪಿಡಿ ಮಾಡುವವನು: ಅವರು ಕೇಳಿದ್ದು ಕಿಲೋ, ಹೆಕ್ಟೇರ್ ಬಗ್ಗೆ ಅಣ್ಣ. ಆದರೂ ನಿಮ್ಮ ಮಾತು ಉಪಯೋಗಕ್ಕೆ ಬರುತ್ತೆ. ಒಂದು ಮು ಅಂದರೆ ಹತ್ತಿರ ಹತ್ತಿರ 6.6 ಗುಂಟೆ. ಹೆಕ್ಟೇರಿಗೆ 225 ಕಿಲೋ ಯೂರಿಯಾ ಅಂದರೆ ಎಕರೆಗೆ 91 ಕಿಲೋ, ಅಂದರೆ ನಮ್ಮ 45 ಕಿಲೋ ಚೀಲದಲ್ಲಿ ಎರಡು. ಚೀಲದ ಲೆಕ್ಕಕ್ಕೆ ತಂದು ನೋಡಿದರೆ ಎಲ್ಲಾದರೂ ದುಪ್ಪಟ್ಟಾಗಿದ್ದರೆ ತಕ್ಷಣ ಕಾಣುತ್ತದೆ. ಭತ್ತವೋ ಅಕ್ಕಿಯೋ ಅನ್ನುವುದನ್ನು ಮಾತ್ರ ಆ ಕೋಷ್ಟಕದ ತಲೆಬರಹ ನೋಡಿಯೇ ಹೇಳಬೇಕು.

ಹಳೇ ಕಾಗದ ಓದುವವಳು: ಕೈಪಿಡಿ ಎಷ್ಟು ಹಳೆಯದು? ಚೀನಾದಲ್ಲೂ 1959ರವರೆಗೆ ಜಿನ್‌ಗೆ ಹದಿನಾರು ಲಿಯಾಂಗ್ ಇತ್ತು, ಆಮೇಲೆ ಹತ್ತು ಮಾಡಿದರು. ಹತ್ತರ ಲೆಕ್ಕದಲ್ಲಿ "ಎರಡು ಜಿನ್ ಹನ್ನೆರಡು ಲಿಯಾಂಗ್" ಅಂತ ಯಾರೂ ಬರೆಯುವುದಿಲ್ಲ. ಅಂಥದ್ದು ಕಂಡರೆ ಹದಿನಾರರ ಲೆಕ್ಕ. ಚಿಂಗ್ ರಾಜವಂಶದ ಕಾಲದ ಜಮೀನು ಪತ್ರಗಳಾದರೆ ನಾನು ಮು ಅನ್ನು ಬದಲಿಸುವುದೇ ಇಲ್ಲ, ಊರಿಂದೂರಿಗೆ ಅದರ ಅಳತೆಯೇ ಬೇರೆ ಇತ್ತು. ಮು ಅಂತಲೇ ಬಿಟ್ಟು ಕೆಳಗೊಂದು ಟಿಪ್ಪಣಿ ಹಾಕುತ್ತೇನೆ.

ಐದು ವರ್ಷದ ಅನುವಾದಕ: ಟಿಪ್ಪಣಿ ಯಾರು ಓದುತ್ತಾರೆ? ಅಂದಾಜಾದರೂ ಒಂದು ಸಂಖ್ಯೆ ಕೊಡಬೇಕಪ್ಪ. ಆದರೆ ತೈವಾನ್ ವಿಷಯ ಒಪ್ಪಿದೆ. ಹೋದ ವರ್ಷ ಮಾಡಿದ ಎರಡು ಬೆಲೆಪಟ್ಟಿ ಈಗಲೇ ತೆಗೆದು ನೋಡಬೇಕು.

ಕೇಳಿದವರು: ಚಹಾ ಕಾಗದ ತೆಗೆದೆ. ಚಿತ್ರದಲ್ಲಿರುವ ಡಬ್ಬಿ 150 ಗ್ರಾಮಿನದೇ! ಪ್ಯಾಕಿಂಗ್ ಲಿಸ್ಟ್ ಕಳಿಸಿ ಅಂತ ಈಗಷ್ಟೇ ಮೇಲ್ ಮಾಡಿದೆ.