ಅಪ್‌ಡೇಟ್: ದಿಕ್ಕಿನ ಪ್ರಶ್ನೆಗೆ ಸಂಖ್ಯೆಯ ಉಪಾಯ ಕೆಲಸ ಮಾಡಿತು

ನನ್ನ ಪ್ರಶ್ನೆ ಇಷ್ಟೇ ಇತ್ತು: "ದಕ್ಷಿಣಕ್ಕೆ ಮುಖ ಮಾಡಿದವನು ಎಡಕ್ಕೆ ತಿರುಗಿದರೆ ಯಾವ ದಿಕ್ಕು ಅಂತ ಥಟ್ಟನೆ ಹೇಳೋದು ಹೇಗೆ?"

ಹಾಳೆ ತಿರುಗಿಸಿ ನೋಡುವ ಸಲಹೆ ಮನೆಯಲ್ಲಿ ಚೆನ್ನಾಗಿತ್ತು. ಆದರೆ ಪರೀಕ್ಷೆಯಲ್ಲಿ ಹಾಳೆ ತಿರುಗಿಸುತ್ತಾ ಕೂತರೆ ಸಮಯ ಜಾಸ್ತಿ ಹೋಗುತ್ತದೆ. ಕೆಲಸ ಮಾಡಿದ್ದು ಸಂಖ್ಯೆ ಕೊಡುವ ಸಲಹೆ. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಉತ್ತರ 0, ಪೂರ್ವ 1, ದಕ್ಷಿಣ 2, ಪಶ್ಚಿಮ 3. ಬಲಕ್ಕೆ ತಿರುಗಿದರೆ ಒಂದು ಕೂಡಿಸಿ, ಎಡಕ್ಕಾದರೆ ಒಂದು ಕಳೆಯಿರಿ. 3 ದಾಟಿದರೆ ಮತ್ತೆ 0, 0ಗಿಂತ ಕೆಳಗಿಳಿದರೆ 3.

ಒಂದು ಲೆಕ್ಕ ನೋಡಿ. ಒಬ್ಬ ದಕ್ಷಿಣಕ್ಕೆ 15 ಕಿ.ಮೀ., ಎಡಕ್ಕೆ ತಿರುಗಿ 3, ಮತ್ತೆ ಎಡಕ್ಕೆ 9, ಆಮೇಲೆ ಬಲಕ್ಕೆ 5 ಕಿ.ಮೀ. ನಡೆದ. ಸಂಖ್ಯೆಗಳು 2, 1, 0, 1. ಅಂದರೆ ದಕ್ಷಿಣ, ಪೂರ್ವ, ಉತ್ತರ, ಪೂರ್ವ. ದಕ್ಷಿಣಕ್ಕೆ 15ರಲ್ಲಿ ಉತ್ತರದ 9 ಹೋದರೆ 6 ಉಳಿಯಿತು. ಪೂರ್ವಕ್ಕೆ ಒಟ್ಟು 8. 36 ಮತ್ತು 64 ಕೂಡಿಸಿದರೆ 100, ವರ್ಗಮೂಲ 10. ಹೊರಟ ಜಾಗದಿಂದ ಅವನು 10 ಕಿ.ಮೀ. ದೂರದಲ್ಲಿ, ಆಗ್ನೇಯ ದಿಕ್ಕಿನಲ್ಲಿದ್ದಾನೆ.

ನನಗೆ ಆಶ್ಚರ್ಯ ಆಗಿದ್ದು ಇಂಥ ಪ್ರಶ್ನೆಯ ಕೊನೆಯ ಸಾಲು. "ಅವನಿಂದ ನೋಡಿದರೆ ಹೊರಟ ಜಾಗ ಎಲ್ಲಿದೆ" ಅಂತ ಕೇಳಿದರೆ ವಾಯವ್ಯ! ಎಷ್ಟು ನಡೆದ ಅಂತ ಕೇಳಿದರೆ 32. ಆಯ್ಕೆಗಳಲ್ಲಿ ಇವೂ ಇರುತ್ತವೆ, ಅಲ್ವಾ? ಅದಕ್ಕೇ ಈಗ ಕೊನೆಯ ಸಾಲನ್ನೇ ಮೊದಲು ಓದುತ್ತೇನೆ.

45 ಅಥವಾ 135 ಡಿಗ್ರಿ ತಿರುವು ಬಂದರೆ ನಾಲ್ಕು ಸಂಖ್ಯೆ ಸಾಲದು. ಈಶಾನ್ಯ, ಆಗ್ನೇಯ ಎಲ್ಲ ಸೇರಿಸಿ 0ರಿಂದ 7ರವರೆಗೆ ಇಟ್ಟುಕೊಳ್ಳಿ. ಪ್ರತಿ 45 ಡಿಗ್ರಿಗೆ ಒಂದು.